ಅ ಆ ಇಂದ ಶುರು ಮಾಡಬೇಡಿ

ಟೀಚರ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಆ ಜಾಗದಲ್ಲಿ ಬಿಳಿಚಿಕೊಂಡ ನುಣುಪು ಚರ್ಮ. ಪಾಠ ಮಾಡುವಾಗ ಪುಸ್ತಕದ ಹಾಳೆಯನ್ನು ಆ ಬೆರಳಿನಿಂದಲೇ ಒತ್ತಿ ಹಿಡಿಯುತ್ತಿದ್ದರು. ಒಂಬತ್ತನೇ ವಯಸ್ಸಿನಲ್ಲಿ ಅಮ್ಮನ ಜೊತೆ ಊರೂರು ಅಲೆಯುತ್ತ ಅಡಿಕೆ ಸುಲಿಯಲು ಹೋದಾಗ ಮೆಟ್ಟುಗತ್ತಿಗೆ ಸಿಕ್ಕಿ ಹೋದ ಉಗುರು ಅದು. "ಆ ವರ್ಷ ನಾಲ್ಕು ತಿಂಗಳು ಶಾಲೆನೂ ಹೋಯ್ತು, ಉಗುರೂ ಹೋಯ್ತು. ಉಗುರು ಇಲ್ದಿದ್ರೆ ಎಂತ ಆಗ್ತದೆ ಬಿಡಿ ಸರ್" ಎನ್ನುತ್ತಿದ್ದರು.

ನಾನಾಗ ರಿಪ್ಪನ್‌ಪೇಟೆ ಹತ್ತಿರದ ಒಂದು ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕ. ಅವರು ಗೌರವಧನಕ್ಕೆ ಬಂದ ಬ್ರಿಜ್ ಕೋರ್ಸ್ ಟೀಚರ್. ಶಾಲೆ ತಪ್ಪಿಸಿಕೊಂಡ ಮಕ್ಕಳಿಗೆ ಕೆಲವು ತಿಂಗಳು ಬೇರೆಯಾಗಿ ಕಲಿಸಿ, ವಯಸ್ಸಿಗೆ ತಕ್ಕ ತರಗತಿಗೆ ತಂದು ಕೂರಿಸುವುದು ಅವರ ಕೆಲಸ. ಜೂನ್ ತಿಂಗಳ ಒಂದು ಬೆಳಿಗ್ಗೆ ಶುಂಠಿ ಗದ್ದೆಯ ಶೆಡ್ಡುಗಳಿಂದ ಹನ್ನೊಂದು ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಬಂದುಬಿಟ್ಟರು. ಎಲ್ಲ ಕೊಪ್ಪಳದ ಕಡೆಯವರು. ಅಪ್ಪ ಅಮ್ಮ ಬೇಸಿಗೆಯಲ್ಲಿ ಶುಂಠಿ ನಾಟಿಗೆ ಬಂದರೆ ಕಳೆ, ಮಣ್ಣೇರಿಸುವುದು, ಕೊನೆಗೆ ಕೀಳುವುದು ಅಂತ ಡಿಸೆಂಬರ್‌ವರೆಗೂ ಅಲ್ಲೇ. ಹನ್ನೊಂದರಲ್ಲಿ ಮೂವರ ಸೊಂಟದ ಮೇಲೆ ಕೂಸುಗಳು.

ನನಗೆ ಸಿಟ್ಟು ಬಂತು. "ಇದೇನು ಶಾಲೆಯೋ ಅಂಗನವಾಡಿಯೋ? ಕೂಸುಗಳನ್ನ ಬಿಟ್ಟು ಬರೋಕೆ ಹೇಳಿ" ಎಂದೆ.

"ಕೂಸು ಬಿಟ್ಟು ಬಾ ಅಂದ್ರೆ ಕೂಸೂ ಬರಲ್ಲ, ಇವರೂ ಬರಲ್ಲ ಸರ್. ಅವರಮ್ಮಂದಿರು ಕೆಸರಲ್ಲಿ ಬಗ್ಗಿರ್ತಾರೆ, ಯಾರು ನೋಡ್ಕೊಳ್ಳೋದು?" ಎಂದವರೇ ಜಗಲಿಯ ತೊಲೆಗೆ ತಮ್ಮ ಹಳೇ ಸೀರೆ ಕಟ್ಟಿ ಜೋಲಿ ಮಾಡಿದರು. ನಾನು ಗೊಣಗುತ್ತ ಒಳಗೆ ಹೋದೆ. ನಾನು ಕಾನೂನಿನ ಮನುಷ್ಯ, ಎಲ್ಲದಕ್ಕೂ ಕಾಗದ ಬೇಕು. ಆ ಗುಣದ ಬಗ್ಗೆ ನನಗೆ ಆಗ ಜಂಬವೇ ಇತ್ತು.

ಮೊದಲ ದಿನ ಅವರು ಯಾರನ್ನೂ 'ಎಷ್ಟನೇ ಕ್ಲಾಸು' ಎಂದು ಕೇಳಲಿಲ್ಲ. ಗೊಬ್ಬರದ ಚೀಲ, ಬಸ್ ಟಿಕೆಟ್ಟು, ಬಿಸ್ಕತ್ತಿನ ಪೊಟ್ಟಣ ಹರಡಿ, ಯಾರು ಏನು ಓದುತ್ತಾರೆ ನೋಡಿದರು. ಸಂಜೆ ನನ್ನ ಮುಂದೆ ಒಬ್ಬ ಹುಡುಗಿಯನ್ನು ನಿಲ್ಲಿಸಿದರು. ಹುಲಿಗೆಮ್ಮ, ಹನ್ನೆರಡು ವರ್ಷ. ಜೋಲಿಯಲ್ಲಿ ಮಲಗಿದ್ದ ಒಂದು ಕೂಸು ಇವಳ ತಂಗಿ. ಹುಡುಗಿ ಬಾಯಲ್ಲೇ ಗುಣಾಕಾರ ಮಾಡುತ್ತಿದ್ದಳು, ಒತ್ತಕ್ಷರ ಬಂದರೆ ಮಾತ್ರ ನಾಲಿಗೆ ನಿಂತುಬಿಡುತ್ತಿತ್ತು.

"ಈ ಹುಡುಗಿ ಅ ಆ ಇ ಈ ಐದು ಸಲ ಕಲ್ತಿದ್ದಾಳೆ ಸರ್. ಹೋದ ಹೋದ ಶಾಲೇಲೆಲ್ಲ ಮೊದಲಿಂದ ಶುರು. ಒತ್ತಕ್ಷರ ಬರೋ ಹೊತ್ತಿಗೆ ಊರು ಬಿಡೋದು. ದಡ್ಡಿ ಅಲ್ಲ ಇವಳು, ಬೇಜಾರಾಗಿದೆ ಅಷ್ಟೇ."

ಅದಕ್ಕೇ ಅವರದೊಂದು ಪದ್ಧತಿ ಇತ್ತು. ಹಿಂದೆ ಸಾಗರದ ಕಡೆ ಕಲ್ಲು ಕ್ವಾರಿಯ ಶೆಡ್ಡುಗಳಲ್ಲಿ ಕಲಿಸುವಾಗ ಶುರು ಮಾಡಿದ್ದಂತೆ. ಪ್ರತಿ ಮಗುವಿಗೂ ಒಂದು ಚೀಟಿ. ಎಲ್ಲಿಯವರೆಗೆ ಕಲಿತಿದೆ, ಎಲ್ಲಿ ತಡವರಿಸುತ್ತದೆ, ಯಾವುದು ಇಷ್ಟ ಎಂದು ಮುಂದಿನ ಊರಿನ ಟೀಚರಿಗೆ ಬರೆದ ಪತ್ರ. ಮಳೆಗೆ ನೆನೆಯದಂತೆ ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಮೇಣದ ಬತ್ತಿಯಲ್ಲಿ ಅಂಚು ಕಾಯಿಸಿ ಮುಚ್ಚುತ್ತಿದ್ದರು. ಚೀಟಿಯ ಕೊನೆಗೆ ಯಾವಾಗಲೂ ಒಂದೇ ಸಾಲು: ದಯವಿಟ್ಟು ಅ ಆ ಇಂದ ಶುರು ಮಾಡಬೇಡಿ. "ಸೀಲು ಇಲ್ಲ, ಸಹಿ ಇಲ್ಲ, ಇದನ್ನ ಯಾರು ನೋಡ್ತಾರೆ ಟೀಚರ್?" ಎಂದು ನಾನು ಛೇಡಿಸಿದ್ದೆ.

ನವೆಂಬರ್ ಮುಗಿಯುವ ಹೊತ್ತಿಗೆ ಹುಲಿಗೆಮ್ಮ ದಿನಪತ್ರಿಕೆ ಓದುತ್ತಿದ್ದಳು. ಟೀಚರು ಪರೀಕ್ಷೆ ಮಾಡಿ, ಉತ್ತರ ಪತ್ರಿಕೆ ತಂದು ನನ್ನ ಮೇಜಿನ ಮೇಲಿಟ್ಟರು. "ಆರನೇ ಕ್ಲಾಸಿಗೆ ಕೂರಿಸಿ ಸರ್. ಕೂಲಿ ಮೇಸ್ತ್ರಿ ಹತ್ರ ಮಾತಾಡಿದ್ದೀನಿ, ಅಪ್ಪನ್ನೂ ಒಪ್ಸಿದ್ದೀನಿ. ಅವರು ಶುಂಠಿ ಕಿತ್ತು ಹೋದ್ರೂ ಹುಡುಗಿ ಹೊಸನಗರದ ಹಾಸ್ಟೆಲಲ್ಲಿದ್ದು ವರ್ಷ ಮುಗಿಸ್ತಾಳೆ. ಆದ್ರೆ ರಿಜಿಸ್ಟರಲ್ಲಿ ಹೆಸರಿಲ್ದೆ ಹಾಸ್ಟೆಲ್‌ನೋರು ತಗೊಳ್ಳಲ್ಲ."

ಕಂಪ್ಯೂಟರಿನಲ್ಲಿ ನೋಡಿದೆ. ಪ್ರತಿ ಮಗುವಿಗೂ ಒಂದು ನಂಬರಿರುವ ಸರ್ಕಾರಿ ಪಟ್ಟಿಯಲ್ಲಿ ಹುಲಿಗೆಮ್ಮ ಇನ್ನೂ ತನ್ನೂರಿನ ಶಾಲೆಯಲ್ಲೇ ಇದ್ದಳು. ಲೆಕ್ಕದ ಪ್ರಕಾರ ಅವಳು ಶಾಲೆ ತಪ್ಪಿದವಳೇ ಅಲ್ಲ. ಅಲ್ಲಿಂದ ಹೆಸರು ಬಿಡಿ ಎಂದು ಕೋರಿಕೆ ಕಳಿಸಿದೆ, ಫೋನೂ ಮಾಡಿದೆ. ಅಲ್ಲಿನ ಮುಖ್ಯ ಶಿಕ್ಷಕರು, "ಒಂದು ಹೆಸರು ಬಿಟ್ರ ನಮ್ಮಲ್ಲಿ ಒಂದು ಟೀಚರ್ ಪೋಸ್ಟ್ ಹೋಗ್ತೈತ್ರಿ ಸರ, ಸ್ವಲ್ಪ ತಡೀರಿ" ಎಂದರು.

"ಕಾಗದ ಇಲ್ಲ ಅಂತ ಮಗುನ ಹೊರಗಿಡೋ ಹಾಗಿಲ್ಲ ಸರ್. ಮೊದಲು ಕೂರಿಸಿ, ಕಾಗದ ಆಮೇಲೆ ಬರ್ಲಿ. ಕಾಯ್ದೆನೇ ಹಾಗಿದೆ." ಟೀಚರು ಅದನ್ನು ಮೂರು ಸಲ ಬಂದು ಹೇಳಿದರು. ಕಾನೂನಿನ ಮನುಷ್ಯನಾದ ನನಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಒಂದೇ ಮಗು ಎರಡು ಕಡೆ ಇದೆ ಎಂದು ನಾಳೆ ಯಾರಾದರೂ ಕೇಳಿದರೆ ಉತ್ತರ ಕೊಡಬೇಕಾದವನು ನಾನು. ಹೆದರಿದೆ. ಹೆದರಿಕೆಗೆ ಶಿಸ್ತು ಎಂದು ಹೆಸರಿಟ್ಟು ಕಾಯುತ್ತ ಕೂತೆ.

ಎರಡು ವಾರ ಕಳೆಯಿತು. ಶುಂಠಿಗೆ ಒಳ್ಳೇ ದರ ಬಂತೆಂದು ಒಂದೇ ಸಮನೆ ಕಿತ್ತರು. ಒಂದು ಶುಕ್ರವಾರ ಬೆಳಿಗ್ಗೆ ಶೆಡ್ಡಿನ ಮುಂದೆ ಲಾರಿ ನಿಂತಿತ್ತು. ಟೀಚರು ಓಡಿದರು, ನಾನೂ ಬೈಕಿನಲ್ಲಿ ಹೋದೆ. "ಹೆಸರು ಹತ್ತೇತೇನ್ರಿ?" ಎಂದು ಅವಳಪ್ಪ ಕೇಳಿದ. ಇನ್ನೂ ಇಲ್ಲ ಎಂದೆ. "ಹಂಗಾದ್ರ ಹೆಣ್ ಕೂಸನ್ನ ಯಾರ ಭರವಸೆ ಮ್ಯಾಲೆ ಬಿಡಲ್ರಿ?" ಎಂದ. ಅವನದೇನೂ ತಪ್ಪಿರಲಿಲ್ಲ. ಟೀಚರು ಹುಲಿಗೆಮ್ಮನ ಕೈಯಲ್ಲಿ ಚೀಟಿ ಇಟ್ಟು, "ಎಲ್ಲೇ ಹೋದ್ರೂ ಮೊದಲು ಇದನ್ನ ತೋರ್ಸು" ಎಂದರು. ಹುಡುಗಿ ತಂಗಿಯನ್ನು ಎತ್ತಿಕೊಂಡು ಲಾರಿ ಹತ್ತಿದಳು.

ಸೋಮವಾರ ಹೆಸರು ಬಿಡುಗಡೆಯಾಗಿ ಬಂತು. ಸಂಭ್ರಮದಿಂದ ಟೀಚರನ್ನು ಕರೆದು ತೋರಿಸಿದೆ. ಅವರು ಪರದೆಯನ್ನೇ ನೋಡುತ್ತ, "ಬಂತಲ್ಲ ಸರ್. ಈಗ ಹುಡುಗಿ ಎಲ್ಲಿ?" ಎಂದರು. ಜೋಲಿಯ ಸೀರೆ ಬಿಚ್ಚಿ ಮಡಚಿಕೊಂಡು ಹೋದರು. ಆಮೇಲೆ ಆ ವಿಷಯ ಎತ್ತಲಿಲ್ಲ, ಒಂದು ದಿನವೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಅದಾಗಿ ಆರು ವರ್ಷದ ಮೇಲೆ, ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಕಾಮಾಲೆ ಎಂದರು, ಆಸ್ಪತ್ರೆಗೆ ಹೋಗಿದ್ದೇ ತಡವಾಗಿತ್ತು. ತಾತ್ಕಾಲಿಕದವರಾದ್ದರಿಂದ ಶ್ರದ್ಧಾಂಜಲಿ ಸಭೆಯೂ ಆಗಲಿಲ್ಲ. ಅವರ ಚೀಲದಲ್ಲಿ ಖಾಲಿ ಪ್ಲಾಸ್ಟಿಕ್ ಕವರುಗಳ ಒಂದು ಕಟ್ಟು, ಅರ್ಧ ಉರಿದ ಮೇಣದ ಬತ್ತಿ ಇತ್ತು ಎಂದು ಅವರ ತಂಗಿ ಹೇಳಿದರು.

ನಾನೀಗ ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಮೇಳಿಗೆಯ ಆಚೆ ಒಂದು ಶಾಲೆಯಲ್ಲಿದ್ದೇನೆ. ಈ ಸಲ ಶುಂಠಿ ಶೆಡ್ಡಿನಿಂದ ಏಳು ವರ್ಷದ ಒಬ್ಬ ಪೋರಿ ಬಂದಳು. ನಾನು ಕೇಳುವ ಮೊದಲೇ ಲಂಗದ ಜೇಬಿನಿಂದ ಹಳದಿಯಾದ ಒಂದು ಪ್ಲಾಸ್ಟಿಕ್ ಕವರು ತೆಗೆದು ಹಿಡಿದಳು. ಅಂಚು ಕಾಯಿಸಿ ಮುಚ್ಚಿದ್ದು. ಒಳಗಿದ್ದದ್ದು ಟೀಚರ ಅಕ್ಷರ.

"ನಮ್ಮಕ್ಕಂದ್ರಿ ಸರ. ಓದ್ಲೇನ್ರಿ?" ಎಂದು ಹುಡುಗಿ ಕವರಿನ ಮೇಲೆ ಬೆರಳಿಟ್ಟು ಓದತೊಡಗಿದಳು, ಒತ್ತಕ್ಷರವೂ ತಪ್ಪದೆ. 'ದಯವಿಟ್ಟು ಅ ಆ ಇಂದ ಶುರು ಮಾಡಬೇಡಿ' ಎನ್ನುವವರೆಗೂ.

"ಯಾರಮ್ಮಾ ಕಲ್ಸಿದ್ದು?"

"ಅಕ್ಕ ರೀ. ಓದಾಕ ನಮ್ಮಲ್ಲಿ ಇದೊಂದ ಇತ್ರಿ."

ಯಾವ ಕಾಗದವನ್ನೂ ಕೇಳದೆ ಆ ಹೊತ್ತಿಗೇ ಅವಳ ಹೆಸರನ್ನು ಎರಡನೇ ತರಗತಿಯ ರಿಜಿಸ್ಟರಿಗೆ ಬರೆದೆ. ಸಂಜೆ ಶೆಡ್ಡಿಗೆ ಹೋದೆ. ಹುಲಿಗೆಮ್ಮ ಮಣ್ಣು ಮೆತ್ತಿದ ಶುಂಠಿ ತಿಕ್ಕುತ್ತಿದ್ದಳು. ಕೊರಳಲ್ಲಿ ತಾಳಿ, ಪಕ್ಕದಲ್ಲಿ ಸೀರೆಯ ಜೋಲಿ, ಅದರಲ್ಲಿ ಅವಳದೇ ಕೂಸು. ಎದ್ದು ಸೆರಗು ಸರಿ ಮಾಡಿಕೊಂಡು ಮೊದಲು ಟೀಚರನ್ನು ವಿಚಾರಿಸಿದಳು. ಇಲ್ಲ ಎಂದೆ. ಜೋಲಿಯ ಹಗ್ಗ ಹಿಡಿದು ಎರಡು ಸಲ ತೂಗಿದಳು.

ಆಮೇಲೆ ಕೇಳಿದಳು: "ಸರ, ನಿಮ್ ಕಂಪ್ಯೂಟರ್‌ನ್ಯಾಗ ನನ್ ಹೆಸರು ಬಂತೇನ್ರಿ ಕಡೀಕ?"