ಅರವತ್ತು ಸುತ್ತು ಹಿಂದೆ

ನನ್ನ ಗಂಡ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವವರು. ನನ್ನ ಅಣ್ಣ ಬೇವೂರಿನಲ್ಲಿ ಹಿಟ್ಟಿನ ಗಿರಣಿ ನಡೆಸುವವನು. ನಾನು ಬಾಗಲಕೋಟೆಯ ಒಂದು ಐಟಿಐನಲ್ಲಿ ಅದೇ ಮೋಟಾರುಗಳ ಲೆಕ್ಕ ಕಲಿಸುವವಳು. ಮೂವರ ಅನ್ನವೂ ಒಂದೇ ಯಂತ್ರದಿಂದ ಬರುತ್ತದೆ. ಹಾಗಾಗಿ ಜಗಳವೂ ಅಲ್ಲಿಂದಲೇ ಬಂತು ಅಂದರೆ ನೀವು ಬೆರಗಾಗಬೇಕಿಲ್ಲ.

ಆ ವರ್ಷ ನಾಗರ ಪಂಚಮಿಗೆ ಇನ್ನೂ ಕೆಲವು ವಾರ ಇರುವಾಗ ಅಣ್ಣನ ಗಿರಣಿಯ ಮೋಟಾರು ಸುಟ್ಟಿತು. ಹಳೆಯ ಮೋಟಾರು, ಸುಡುವ ವಯಸ್ಸೇ ಆಗಿತ್ತು. ಮನೆಯಲ್ಲೇ ಡಾಕ್ಟರು ಇರುವಾಗ ಬೇರೆ ದವಾಖಾನೆ ಏಕೆ ಎಂದು ಅಣ್ಣ ಅದನ್ನು ನಮ್ಮ ಅಂಗಡಿಗೇ ಕಳಿಸಿದ. ನನ್ನ ಗಂಡ ಊಟ ಮರೆತು ಸುತ್ತಿದರು. ವಾರ್ನಿಶ್ ಹಾಕಿ, ಒಣಗಿಸಿ, ಅಂಗಡಿಯಲ್ಲೇ ಓಡಿಸಿ ನೋಡಿದರು. ನಿಮಿಷಕ್ಕೆ 1496 ಸುತ್ತು ಬಂತು. ಮಗುವಿಗೆ ಮೊದಲ ನಂಬರು ಬಂದಷ್ಟು ಖುಷಿ ಅವರಿಗೆ.

ಬೇವೂರಿಗೆ ಹೋದ ಆ ಮೋಟಾರು ಮುಟ್ಟಿದರೆ ಕೈ ಸುಡುವಷ್ಟು ಕಾಯತೊಡಗಿತು. ಎರಡು ಬುಟ್ಟಿ ಜೋಳ ಬೀಸುವಷ್ಟರಲ್ಲಿ ಸ್ಟಾರ್ಟರು ತಾನೇ ಕರೆಂಟು ಕಡಿದು ಗಿರಣಿ ನಿಲ್ಲುತ್ತಿತ್ತು. ಅಣ್ಣ ಫೋನು ಮಾಡಿದ. ನಾನು ಹಿಟ್ಟು ನಾದುತ್ತಿದ್ದುದರಿಂದ ಸ್ಪೀಕರಿಗೆ ಹಾಕಿದೆ. ಅದೇ ತಪ್ಪಾಯಿತು.

"ನಿನ್ನ ಗಂಡನ ವೈಂಡಿಂಗ್ ಜೊಳ್ಳ ಐತಿ ತಂಗಿ. ಇದನ್ನ ಬಿಚ್ಚಿ ಹುನಗುಂದದ ಅಂಗಡಿಗೆ ಒಯ್ತೇನಿ," ಎಂದ.

ಪಕ್ಕದಲ್ಲೇ ಚಹಾ ಕುಡಿಯುತ್ತಿದ್ದ ನನ್ನ ಗಂಡ ಬಟ್ಟಲು ಕೆಳಗಿಟ್ಟರು. "ಜೊಳ್ಳ ಅಂತ? ಹದಿನಾಲ್ಕನೂರಾ ತೊಂಬತ್ತಾರು ತಿರಗೇತಿ ಅದು! ಹೇಳ ನಿಮ್ಮ ಅಣ್ಣಗ. ಮೋಟಾರು ಹುನಗುಂದಕ್ಕ ಹೋದ ದಿನದಿಂದ ನಾ ಆ ಮನ್ಯಾಗ ನೀರೂ ಮುಟ್ಟಂಗಿಲ್ಲ."

ಗಂಡಸರ ಮಾತು, ನಾಳೆಗೆ ತಣಿಯುತ್ತದೆ ಅಂದುಕೊಂಡೆ. ತಣಿಯಲಿಲ್ಲ. ನಮ್ಮ ಕಡೆ ಪಂಚಮಿಗೆ ಅಣ್ಣನಾದವನು ತಂಗಿಯ ಮನೆಗೆ ಬಂದು, ಅಳಿಯನ ಎದುರು ಕೂತು, "ಕಳಿಸಿಕೊಡ್ರಿ" ಎಂದು ಕೇಳಬೇಕು. ತಂಗಿಯ ಗಂಡ ನಮ್ಮಲ್ಲಿ ಅಳಿಯ, ಹೆಂಡತಿಯ ಅಣ್ಣ ಮಾವ. ಪ್ರತಿ ವರ್ಷ ಮಳೆ ಬರಲಿ ಬಿಡಲಿ, ಅಣ್ಣ ಬರುತ್ತಿದ್ದ. ಆ ವರ್ಷ ಬರಲಿಲ್ಲ. ಓಣಿಯಲ್ಲಿ ಉಳಿದ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ತವರಿಗೆ ಚೀಲ ಕಟ್ಟುತ್ತಿದ್ದರು. ನನಗೆ ನಾಚಿಕೆಯೂ ಆಗುತ್ತಿತ್ತು, ಸಿಟ್ಟೂ ಬರುತ್ತಿತ್ತು. ಸಿಟ್ಟು ಇಬ್ಬರ ಮೇಲೂ ಸಮನಾಗಿ ಇತ್ತು.

ಅದೇ ವಾರ ತರಗತಿಯಲ್ಲಿ ನನ್ನ ಪಾಠ ಸ್ಲಿಪ್ಪಿನದು. ಎಷ್ಟೋ ವರ್ಷದಿಂದ ಹೇಳಿ ಹೇಳಿ ನಾಲಿಗೆ ಸವೆದ ಪಾಠ. ನಾಲ್ಕು ಪೋಲಿನ, ಅಂದರೆ ನಾಲ್ಕು ಕಾಂತಧ್ರುವದ ಮೋಟಾರು, ಸೆಕೆಂಡಿಗೆ ಐವತ್ತು ಸೈಕಲ್ಲಿನ ಕರೆಂಟು. ನೂರಾ ಇಪ್ಪತ್ತನ್ನು ಐವತ್ತರಿಂದ ಗುಣಿಸಿ ನಾಲ್ಕರಿಂದ ಭಾಗಿಸಿದರೆ 1500. ಹೊರಗಿನ ಸುರುಳಿಗಳಲ್ಲಿ ಕಾಂತಕ್ಷೇತ್ರ ಸುತ್ತುವುದು ಆ ವೇಗದಲ್ಲಿ. ಒಳಗಿನ ರೋಟರು ಅದರ ಬೆನ್ನು ಹತ್ತಿ ಓಡುತ್ತದೆ, ಆದರೆ ಎಂದೂ ಅದನ್ನು ಮುಟ್ಟುವುದಿಲ್ಲ. ಮುಟ್ಟಿದರೆ ರೋಟರಿನಲ್ಲಿ ಕರೆಂಟು ಹುಟ್ಟುವುದಿಲ್ಲ, ಕರೆಂಟು ಇಲ್ಲದಿದ್ದರೆ ತಿರುಗಿಸುವ ಬಲವೂ ಇಲ್ಲ. ಪೂರ್ತಿ ಭಾರ ಹೊತ್ತಾಗ ರೋಟರು 1440ಕ್ಕೆ ಇಳಿಯುತ್ತದೆ ಅನ್ನಿ, ಅರವತ್ತು ಸುತ್ತು ಹಿಂದೆ. ಹದಿನೈದು ನೂರರಲ್ಲಿ ಅರವತ್ತು, ಅಂದರೆ ನೂರಕ್ಕೆ ನಾಲ್ಕು. ಅದೇ ಸ್ಲಿಪ್ಪು.

"ಭಾರ ಇಲ್ಲದಿದ್ದರೆ?" ಎಂದು ಹುಡುಗಿಯೊಬ್ಬಳನ್ನು ಕೇಳಿದೆ.

"ಹಿಂದ ಬೀಳೂದ ಇಲ್ರಿ ಮೇಡಂ. ಹದಿನೈದನೂರಕ್ಕ ಹತ್ತಿರ ಹತ್ತಿರ ಇರತೈತಿ."

ಸೀಮೆಸುಣ್ಣ ಕೈಯಲ್ಲೇ ನಿಂತಿತು. ಅಂಗಡಿಯಲ್ಲಿ 1496 ಬಂತು ಎಂದು ನನ್ನ ಗಂಡ ಮೆರೆದದ್ದು ಖಾಲಿ ಮೋಟಾರಿನ ವೇಗ! ಖಾಲಿ ಗಾಡಿ ಎಳೆದ ಎತ್ತಿಗೆ ಬಹುಮಾನ ಕೊಟ್ಟ ಹಾಗೆ. ನಮ್ಮ ಕಡೆಯ ವೈಂಡಿಂಗ್ ಅಂಗಡಿಗಳಲ್ಲೆಲ್ಲ ಅದೇ ರೂಢಿ. ಭಾರ ಹಾಕಿ ನೋಡಲು ಅಲ್ಲಿ ಗಿರಣಿ ಎಲ್ಲಿಂದ ತರಬೇಕು?

ಭಾನುವಾರ ಬೆಳಿಗ್ಗೆ ವೇಗ ಅಳೆಯುವ ಟ್ಯಾಕೋಮೀಟರನ್ನೂ ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರನ್ನೂ ಚೀಲಕ್ಕೆ ಹಾಕಿಕೊಂಡೆ. "ಬೇವೂರಿಗೆ ಹೊಂಟೇನಿ. ನೀವು ಬಂದ್ರ ನಿಮ್ಮ ಮುಂದ ಅಳಿತೇನಿ, ಬರಲಿಲ್ಲಂದ್ರ ನಿಮ್ಮ ಹಿಂದ ಅಳಿತೇನಿ," ಎಂದೆ. ಗಂಡ ಗಾಡಿಯ ಕೀಲಿ ತೆಗೆದುಕೊಂಡರು. ದಾರಿಯುದ್ದಕ್ಕೂ ಒಂದೇ ಮಾತು: "ನೀರ ಕುಡಿಯಾಂಗಿಲ್ಲ ಮತ್ತ."

ಗಿರಣಿಯ ಮುಂದೆ ಬುಟ್ಟಿ, ಡಬ್ಬಿಗಳ ಸಾಲು. ಪಂಚಮಿಯ ಮುಂಚಿನ ದಿನ ನಮ್ಮಲ್ಲಿ ರೊಟ್ಟಿ ಹಬ್ಬ. ಊರಿನ ಜೋಳವೆಲ್ಲ ಒಂದೇ ಸಲಕ್ಕೆ ಹಿಟ್ಟಾಗಬೇಕು. ಹೆಂಗಸರು ಮೊದಲೇ ಬೇಸತ್ತಿದ್ದರು. "ನಿಮ್ಮ ಅಣ್ಣನ ಹಿಟ್ಟಿಗೆ ಜಿಗಿನ ಇಲ್ಲವ್ವಾ. ಬಿಸಿ ಬಿಸಿ ಬರತೈತಿ, ರೊಟ್ಟಿ ಬಡಿದ್ರ ಹರೀತೈತಿ," ಎಂದು ಒಬ್ಬಾಕೆ ನನಗೇ ದೂರು ಕೊಟ್ಟಳು. ಆ ಮಾತು ಕಿವಿಗೆ ಬಿತ್ತು. ಅದರ ಬೆಲೆ ಆಮೇಲೆ ತಿಳಿಯಿತು.

ಅಣ್ಣ ಮೈಯೆಲ್ಲ ಹಿಟ್ಟಾಗಿ ನಿಂತಿದ್ದ. "ಬರ್ರಿ ಅಳ್ಯಾರ," ಎಂದ, ಗೋಡೆಯ ಕಡೆ ನೋಡುತ್ತ. "ಹೂಂ ಮಾವಾರ," ಎಂದರು ನನ್ನ ಗಂಡ, ಮೋಟಾರಿನ ಕಡೆ ನೋಡುತ್ತ. ಅಣ್ಣನ ಹೆಂಡತಿ, ನನ್ನ ವೈನಿ, ತಂಬಿಗೆಯಲ್ಲಿ ನೀರು ತಂದರು. ಅದು ತಂದ ಹಾಗೇ ಕಟ್ಟೆಯ ಮೇಲೆ ಕೂತಿತು. ವೈನಿಯ ಮುಖ ಸಣ್ಣದಾಯಿತು.

ಮೊದಲು ಬೆಲ್ಟು ತೆಗೆಸಿ ಖಾಲಿ ಓಡಿಸಿದೆ. 1495. ಗಂಡ ಮೀಸೆಯಲ್ಲೇ ನಕ್ಕರು. ಬೆಲ್ಟು ಹಾಕಿಸಿ, ಜೋಳ ಸುರಿಸಿ, ಕಲ್ಲು ಪೂರ್ತಿ ಬೀಸತೊಡಗಿದ ಮೇಲೆ ಮತ್ತೆ ಹಿಡಿದೆ. 1410. ಗಂಡನ ನಗು ಇಳಿಯಿತು.

"ಅಷ್ಟ?" ಎಂದ ಅಣ್ಣ. ಗೆದ್ದವನ ದನಿಯಲ್ಲ, ಬೇಸರದ ದನಿ. "ಮೋಟಾರಿನ ಪ್ಲೇಟಿನ ಮ್ಯಾಲ ಹದಿನಾಲ್ಕನೂರಾ ನಲವತ್ತ ಬರದೈತಿ. ಮೂವತ್ತ ಕಮ್ಮಿ. ನೂರಕ್ಕ ಎರಡು. ಇಷ್ಟಕ್ಕ ಮೋಟಾರು ಹಂಗ ಕಾಯತೈತೇನು? ವೈಂಡಿಂಗ್‌ದ ದೋಷನ ಇದು."

ಲೆಕ್ಕ ಅಲ್ಲೇ ದಾರಿ ತಪ್ಪುತ್ತದೆ. ನಾನು ಹಿಟ್ಟು ಬಿದ್ದಿದ್ದ ತಗಡಿನ ಮುಚ್ಚಳದ ಮೇಲೆ ಬೆರಳಿನಿಂದ ಬರೆದೆ: 1500. ಕೆಳಗೆ 1440, ಅದರ ಕೆಳಗೆ 1410.

"ಪ್ಲೇಟಿನಿಂದ ಎಷ್ಟು ಕಮ್ಮಿ ಅಂತ ಕೇಳಬ್ಯಾಡ ಅಣ್ಣ. ಹದಿನೈದನೂರರಿಂದ ಎಷ್ಟು ಹಿಂದ ಅಂತ ಕೇಳು. ಹೊರಬೇಕಾದ ಭಾರ ಹೊತ್ತಾಗ ಅರವತ್ತು ಹಿಂದ. ಈಗ ತೊಂಬತ್ತು ಹಿಂದ. ನಾಲ್ಕು ಇದ್ದದ್ದು ಆರಾತು. ಭಾರ ಹೆಚ್ಚಾದಂಗ ಈ ಅಂತರ ಹೆಚ್ಚಾಗತೈತಿ. ಅಂದ್ರ ಮೋಟಾರು ತನ್ನ ಹೊರಿ ಹೊತ್ತು, ಅದರ ಮ್ಯಾಲ ಮತ್ತ ಅರ್ಧ ಹೊರಿ ಹೊತ್ತೈತಿ."

ಅಣ್ಣ ಮುಚ್ಚಳವನ್ನೇ ನೋಡಿದ. ನಾನು ಮೋಟಾರಿಗೆ ಬರುವ ವೋಲ್ಟೇಜನ್ನೂ ನೋಡಿದೆ. ವೋಲ್ಟೇಜು ಬಿದ್ದಿದ್ದರೂ ರೋಟರು ಹೀಗೇ ಹಿಂದೆ ಬೀಳುತ್ತದೆ, ಆಗ ಬೈಯಬೇಕಾದದ್ದು ಕರೆಂಟು ಕೊಡುವವರನ್ನು. ಆದರೆ ವೋಲ್ಟೇಜು ಸರಿಯಿತ್ತು. ಕ್ಲ್ಯಾಂಪ್ ಮೀಟರು ಮೂರೂ ತಂತಿಗಳಲ್ಲಿ ಒಂದೇ ಸಮನಾದ ಕರೆಂಟು ತೋರಿಸಿತು. ಹದಿನೈದು ಆಂಪಿಯರಿನ ಮೋಟಾರು ಇಪ್ಪತ್ತೊಂದು ಎಳೆಯುತ್ತಿತ್ತು. ಮೂರರಲ್ಲೂ ಸಮ ಎಂದರೆ ಸುತ್ತಿದ ಕೈಯ ಮೇಲೆ ಅನುಮಾನ ಕಡಿಮೆ. ಗಂಡನಿಗೆ ಅದನ್ನು ಹೇಳಲಿಲ್ಲ, ತೋರಿಸಿದೆ. ಅವರು ಮೂರೂ ಅಂಕಿಗಳನ್ನು ಎರಡೆರಡು ಸಲ ನೋಡಿದರು.

"ಹಂಗಾರ ಆ ಅರ್ಧ ಹೊರಿ ಎಲ್ಲಿಂದ ಬಂತು?" ಎಂದರು ಗಂಡ. ಜಗಳ ಶುರುವಾದಂದಿನಿಂದ ಅವರ ಬಾಯಿಂದ ಬಂದ ಮೊದಲ ಪ್ರಶ್ನೆ ಅದು. ಅಲ್ಲಿಯವರೆಗೆ ಬರೀ ಉತ್ತರಗಳೇ ಇದ್ದವು. ಅವರೇ ಬಗ್ಗಿ ಮೋಟಾರಿನ ಗಾಲಿ ನೋಡಿದರು. ಬೆಲ್ಟು ಕೂಡುವ ಆ ಪುಲ್ಲಿಯ ಮೇಲೆ ಗೇಣು ಇಟ್ಟರು. ಮತ್ತೊಮ್ಮೆ ಇಟ್ಟರು.

"ಮಾವಾರ, ಈ ಪುಲ್ಲಿ ನಾ ಬಿಚ್ಚಿ ಇಟ್ಟದ್ದಲ್ಲ. ಅದು ಸಣ್ಣದಿತ್ತು."

ಅಣ್ಣ ಗೋಡೆ ನೋಡಿದ. ಉತ್ತರ ಕೊಟ್ಟವರು ವೈನಿ. "ಪಾಳಿ ಭಾಳ ಉದ್ದ ಆಗತೈತಿ, ಕಲ್ಲು ಜೋರ ತಿರುಗಲಿ ಅಂತ ಇವರ ದೊಡ್ಡದು ಹಾಕ್ಯಾರ್ರಿ. ನಾ ಬ್ಯಾಡ ಅಂದ್ರೂ ಕೇಳಲಿಲ್ಲ."

ಎಲ್ಲವೂ ಅಲ್ಲಿಗೆ ಬಂದು ಕೂಡಿತು. ಮೋಟಾರಿನ ಪುಲ್ಲಿ ದೊಡ್ಡದಾದರೆ ಕಲ್ಲು ಜೋರಾಗಿ ತಿರುಗುತ್ತದೆ. ಜೋರಾಗಿ ತಿರುಗುವ ಕಲ್ಲಿಗೆ ಅಣ್ಣ ಜೋಳವನ್ನೂ ಹೆಚ್ಚು ಬಿಟ್ಟಿದ್ದ. ಕಲ್ಲು ಕಾಯ್ದು ಹಿಟ್ಟಿನ ಜಿಗಿ, ಅಂದರೆ ಅದರ ಅಂಟು, ಹಾರಿತು, ಮೋಟಾರು ಬಸವಳಿಯಿತು. ಹೊರಗೆ ರೊಟ್ಟಿ ಹರಿಯುತ್ತದೆ ಎಂದು ದೂರಿದಾಕೆ ಹೇಳಿದ್ದೂ, ಒಳಗೆ ನನ್ನ ತೊಂಬತ್ತು ಸುತ್ತು ಹೇಳಿದ್ದೂ ಒಂದೇ ಸುದ್ದಿ.

ಅಣ್ಣ ಅಟ್ಟದಿಂದ ಹಳೆಯ ಪುಲ್ಲಿ ತಂದ. ಬಿಗಿಯಾದ ದೊಡ್ಡ ಪುಲ್ಲಿ ಸುಲಭಕ್ಕೆ ಬಿಡಲಿಲ್ಲ. ಅಳಿಯ, ಮಾವ ಇಬ್ಬರೂ ನೆಲಕ್ಕೆ ಕೂತು, ಒಬ್ಬರು ಹಿಡಿದು ಒಬ್ಬರು ಬಡಿದು, ಬೆವರು ಹಿಟ್ಟು ಕೂಡಿ ಮುಖವೆಲ್ಲ ಗಂಜಿಯಾಯಿತು. ಹೊರಗಿನ ಹೆಂಗಸರು ಪಾಳಿಯ ಜಗಳ ಬಿಟ್ಟು ಇವರನ್ನೇ ನೋಡಿ ನಗುತ್ತಿದ್ದರು. ಬೆಲ್ಟು ಸರಿಮಾಡಿ, ಜೋಳ ಹದವಾಗಿ ಬಿಟ್ಟು ಓಡಿಸಿದಾಗ ನಾನು ಮತ್ತೆ ಹಿಡಿದೆ.

1442. ಐವತ್ತೆಂಟು ಸುತ್ತು ಹಿಂದೆ. ನೂರಕ್ಕೆ ನಾಲ್ಕು, ಕೂದಲೆಳೆಯಷ್ಟು ಕಡಿಮೆ. ಕರೆಂಟು ಹದಿನೈದರ ಒಳಗೆ. ಬೋರ್ಡಿನ ಮೇಲೆ ಎಷ್ಟೋ ಸಲ ಬರೆದ ಆ ಸಂಖ್ಯೆ ಕಣ್ಣೆದುರು ತಿರುಗುವುದನ್ನು ನೋಡಿ ನನಗೆ ಆದ ಸಂತೋಷ ಇಷ್ಟಿಷ್ಟಲ್ಲ. ಮಧ್ಯಾಹ್ನದವರೆಗೂ ಗಿರಣಿ ಒಮ್ಮೆಯೂ ನಿಲ್ಲಲಿಲ್ಲ.

ವೈನಿ ಆ ಹಿಟ್ಟಿನಿಂದಲೇ ರೊಟ್ಟಿ ಬಡಿದರು. ಹರಿಯಲಿಲ್ಲ. ತಾಟಿನಲ್ಲಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಇಟ್ಟು ನನ್ನ ಗಂಡನ ಮುಂದೆ ಸರಿಸಿದರು. ಮೋಟಾರಿನ ಲೆಕ್ಕ ಬಂದಷ್ಟು ಸುಲಭಕ್ಕೆ ಗಂಡಸರ ಲೆಕ್ಕ ನನಗೆ ಬರುವುದಿಲ್ಲ.

ಗಂಡ ತಾಟು ನೋಡಿದರು. "ಮೋಟಾರು ಹುನಗುಂದಕ್ಕ ಹೋಗಲಿಲ್ಲಲ್ಲ?" ಎಂದು ನನ್ನನ್ನು ಕೇಳಿದರು.

"ಇಲ್ಲ."

"ಹಂಗಾರ ನಾ ಹಾಕಿದ ಆಣೆ ಹತ್ತೂದಿಲ್ಲ," ಎಂದು ರೊಟ್ಟಿ ಮುರಿದರು.

ಎರಡನೆಯ ರೊಟ್ಟಿಯನ್ನು ಅವರೇ ಕೇಳಿದರು. ಆಗ ಅಣ್ಣ ಕೈ ತೊಳೆದು ಬಂದು ಅವರ ಎದುರು ಕೂತ. ಕಿವಿಯ ಹಿಂದೆ ಇನ್ನೂ ಹಿಟ್ಟಿತ್ತು. ಗಂಟಲು ಸರಿಮಾಡಿಕೊಂಡು, ನನ್ನ ಕಡೆ ನೋಡದೆ, ನಮ್ಮ ಮನೆಗೆ ಬಂದು ಕೇಳಬೇಕಾಗಿದ್ದ ಮಾತನ್ನು ತನ್ನ ಮನೆಯಲ್ಲೇ ಕೇಳಿದ:

"ಅಳ್ಯಾರ, ಪಂಚಮಿಗೆ ತಂಗೀನ ಕಳಿಸಿಕೊಡ್ರಿ."

"ಒಬ್ಬಾಕಿನ್ನ ಕಳಸೂದಿಲ್ಲ," ಎಂದರು ನನ್ನ ಗಂಡ, ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು. "ನಾನೂ ಬರ್ತೇನಿ."