ಹೆಬ್ಬೆರಳಿನ ಒಪ್ಪಿಗೆ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಕೋಣೆ. ಒಗೆದು ಬಂದ ಹಾಸುಹೊದಿಕೆಗಳು ಒಂದು ಬದಿಯಲ್ಲಿ ಗುಡ್ಡದಂತೆ ಬಿದ್ದಿರುತ್ತವೆ. ಇನ್ನೊಂದು ಬದಿಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಒಂದು ಹೊಲಿಗೆ ಯಂತ್ರ. ಅದರ ಹಿಂದೆ ಕೂರುವವಳನ್ನು ಎಲ್ಲರೂ ಸೂಜಿಯಕ್ಕ ಎನ್ನುತ್ತಿದ್ದರು. ಹರಿದ ಅಂಚು, ಕಿತ್ತುಹೋದ ದಾರ, ಶಸ್ತ್ರಚಿಕಿತ್ಸೆ ಕೋಣೆಯ ಹಸಿರು ನಿಲುವಂಗಿಗಳ ಕಳಚಿದ ಕಟ್ಟುಗಳು, ಇವೆಲ್ಲ ಅವಳ ಕೈಗೆ ಬರುತ್ತಿದ್ದವು. ತೇಪೆ ಹಾಕಿದ್ದು ಗೊತ್ತಾಗದ ಹಾಗೆ ತೇಪೆ ಹಾಕುತ್ತಿದ್ದಳು. ಮಾತು ಕಡಿಮೆ. ಕೇಳಿದ್ದಕ್ಕೆ ಉತ್ತರ, ಕೇಳದಿದ್ದರೆ ನಗು.

ಅವಳ ಬಗ್ಗೆ ಊರಿಗೆ ಗೊತ್ತಿದ್ದದ್ದು ಇಷ್ಟೇ: ಐದನೇ ತರಗತಿಯಲ್ಲಿ ಓದುವ ಒಬ್ಬಳು ಮಗಳು, ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಮೂರನೇ ಮಹಡಿಯ ಒಂದು ಕೋಣೆ, ಗಂಡ ಎಲ್ಲೋ ದೂರದಲ್ಲಿ ಕೆಲಸದಲ್ಲಿದ್ದಾನೆ. ಕೊನೆಯದು ಸುಳ್ಳು. ಗಂಡನ ಕೈಗೆ ಸಿಗದಿರಲೆಂದೇ ಅವಳು ಇಲ್ಲಿಗೆ ಬಂದಿದ್ದಳು. ಇದಕ್ಕೂ ಮುಂಚೆ ಇನ್ನೊಂದು ಊರಿಗೆ ಹೋಗಿದ್ದಳು. ಅಲ್ಲಿನ ಶಾಲೆಯವರು ಆಟೋಟದ ದಿನದ ಫೋಟೋಗಳನ್ನು ಎಲ್ಲರಿಗೂ ಕಾಣುವಂತೆ ಹಾಕಿದರು. ಗೋಣಿಚೀಲದ ಓಟದಲ್ಲಿ ಮಗಳು ಬಿದ್ದು ನಗುತ್ತಿದ್ದ ಒಂದು ಫೋಟೋ. ಹಿಂದೆ ಶಾಲೆಯ ಹೆಸರು. ಅದನ್ನು ನೋಡಿ ಗಂಡ ಬಾಗಿಲಿಗೆ ಬಂದು ನಿಂತ. ಆವತ್ತು ಮುರಿದ ಎಡಗೈ ಮೂಳೆ ಈಗಲೂ ಚಳಿಗೆ ನೋಯುತ್ತದೆ. ಆಮೇಲೆ ನ್ಯಾಯಾಲಯದಿಂದ ಆದೇಶ ಬಂತು, ವಿಳಾಸ ಅವನಿಗೆ ತಿಳಿಯಕೂಡದು ಎಂದು. ಮಗಳನ್ನು ಇಲ್ಲಿನ ಶಾಲೆಗೆ ಸೇರಿಸುವಾಗ ಆ ಆದೇಶದ ಪ್ರತಿಯನ್ನು ಪ್ರಾಂಶುಪಾಲರಿಗೆ ಕೊಟ್ಟಿದ್ದಳು. "ಇದು ನನ್ನ ಬೀರುವಿನಲ್ಲೇ ಇರುತ್ತಮ್ಮ, ಯಾರಿಗೂ ಹೇಳಲ್ಲ," ಎಂದಿದ್ದರು ಅವರು. ಆ ಮಾತನ್ನು ಅವರು ಅಕ್ಷರಶಃ ನಡೆಸಿಕೊಟ್ಟರು. ತರಗತಿಯ ಟೀಚರಿಗೂ ಹೇಳಿರಲಿಲ್ಲ.

ಶಾಲೆಯ ಒಂದು ಭಾಗದ ಚಾವಣಿ ರಿಪೇರಿಗೆ ಬಂದದ್ದರಿಂದ ಆ ತಿಂಗಳು ಐದನೇ ತರಗತಿಗೆ ಮಧ್ಯಾಹ್ನದ ಪಾಠ ಮನೆಯಿಂದಲೇ, ಆನ್‌ಲೈನಿನಲ್ಲಿ. ಶಾಲೆ ಒಂದು ಟ್ಯಾಬ್ ಕೊಟ್ಟಿತ್ತು. ಕೆಳಗಿನ ಮನೆಯ ಅಜ್ಜಿ ಆಗಾಗ ಬಂದು ಮಗುವನ್ನು ನೋಡಿಹೋಗುತ್ತಿದ್ದರು.

ಅವತ್ತು ಬೆಳಿಗ್ಗೆ ಪೋಷಕರ ಗುಂಪಿಗೆ ಪ್ರಾಂಶುಪಾಲರ ನೋಟಿಸು ಬಂತು. ಉದ್ದದ ನೋಟಿಸು. ಸೂಜಿಯಕ್ಕ ಆಗ ಆಸ್ಪತ್ರೆಗೆ ದಾರ ತರಲು ಪೇಟೆಗೆ ಹೊರಟ ಬಸ್ಸಿನಲ್ಲಿ ನಿಂತಿದ್ದಳು, ಒಂದು ಕೈ ಕಂಬಿಯ ಮೇಲೆ. 'ಮಾನ್ಯ ಪೋಷಕರೇ' ಎಂಬ ಮೊದಲ ಸಾಲನ್ನಷ್ಟೇ ನೋಡಿ ಹೆಬ್ಬೆರಳಿನ ಚಿತ್ರ ಒತ್ತಿದಳು. ಆ ಗುಂಪಿನ ರೂಢಿಯೇ ಹಾಗೆ. ಹಿಂದೊಮ್ಮೆ ಒತ್ತದೆ ಬಿಟ್ಟದ್ದಕ್ಕೆ ಟೀಚರು ಎಲ್ಲರೆದುರು, "ಒಬ್ಬರು ಇನ್ನೂ ನೋಡಿಲ್ಲ ಅನ್ಸುತ್ತೆ," ಎಂದು ಬರೆದಿದ್ದರು. ಅಂದಿನಿಂದ ಅವಳಿಗೆ ಹೆಬ್ಬೆರಳೆಂದರೆ 'ಬಂತು, ನೋಡಿದೆ' ಅಷ್ಟೇ.

ಊಟದ ಬಿಡುವು ಮುಗಿಯುವ ಹೊತ್ತಿಗೆ ಇಸ್ತ್ರಿ ಮಾವ ಬಂದು ಬಟ್ಟೆಯ ಗಂಟಿನ ಮೇಲೆ ಕೂತರು. ಅವರ ಮೊಮ್ಮಗನೂ ಅದೇ ಶಾಲೆ. "ಏನಮ್ಮ, ನಮ್ಮ ಹುಡುಗನ ಸ್ಕೂಲಿಂದ ಕೋರ್ಟ್ ಸಮನ್ಸ್ ಥರ ಏನೋ ಬಂದಿದೆ. ನನ್ನ ಕನ್ನಡಕ ಮನೇಲಿ ಮಲಗಿದೆ. ಸ್ವಲ್ಪ ಓದಿ ಹೇಳು."

ಅವಳು ಓದತೊಡಗಿದಳು. "ಇಂದಿನಿಂದ ಎಲ್ಲ ಆನ್‌ಲೈನ್ ತರಗತಿಗಳನ್ನು ರೆಕಾರ್ಡ್ ಮಾಡಲಾಗುವುದು. ರೆಕಾರ್ಡಿಂಗ್‌ಗಳು ಶಾಲೆಯ ಖಾತೆಯಲ್ಲಿ ಇರುತ್ತವೆ. ಗೈರುಹಾಜರಾದ ಮಕ್ಕಳ ಅನುಕೂಲಕ್ಕಾಗಿ ಪ್ರತಿ ಪಾಠದ ಲಿಂಕನ್ನು ಇದೇ ಗುಂಪಿನಲ್ಲಿ ಹಾಕಲಾಗುವುದು. ಲಿಂಕ್ ಇದ್ದ ಯಾರು ಬೇಕಾದರೂ ನೋಡಬಹುದು. ಮಕ್ಕಳು ಕ್ಯಾಮೆರಾ ತೆರೆದಿಡತಕ್ಕದ್ದು. ಒಪ್ಪಿಗೆ ಇರುವವರು ಹೆಬ್ಬೆರಳಿನ ಗುರುತು ಹಾಕಿ..."

ದನಿ ಅಲ್ಲಿಗೇ ನಿಂತಿತು.

"ಮುಂದೆ?" ಎಂದರು ಮಾವ.

"'ಉತ್ತರ ಕೊಡದವರೂ ಒಪ್ಪಿದ್ದಾರೆಂದು ಭಾವಿಸಲಾಗುವುದು.'"

"ಆಹಾ! ಹೂಂ ಅಂದ್ರೂ ಹೂಂ, ಸುಮ್ಮನಿದ್ರೂ ಹೂಂ. ನನ್ನ ಮದುವೇಲೂ ಹಿಂಗೇ ಕೇಳಿದ್ರು ನೋಡು." ಅವರು ನಕ್ಕರು. ಅವಳ ಮುಖ ನೋಡಿ ನಗು ನುಂಗಿಕೊಂಡರು. "ಯಾಕಮ್ಮ? ಬಿಳಿಚಿಕೊಂಡೆಯಲ್ಲ?"

"ನಾನು ಹೆಬ್ಬೆರಳು ಹಾಕಿಬಿಟ್ಟೆ ಮಾವ."

ಅವರಿಗೆ ಕಥೆ ಗೊತ್ತಿರಲಿಲ್ಲ, ಕೇಳಲೂ ಇಲ್ಲ. "ಹೋಗು," ಎಂದರು. "ಮೇಲ್ವಿಚಾರಕರಿಗೆ ನಾನು ಹೇಳ್ತೀನಿ. ಹೋಗು ತಾಯಿ."

ಮಧ್ಯಾಹ್ನದ ಪಾಠ ಆಗಲೇ ಶುರುವಾಗಿತ್ತು. ಪರಿಸರ ವಿಜ್ಞಾನ. 'ನನ್ನ ಕಿಟಕಿಯಿಂದ ಕಾಣುವುದು' ಎಂದು ಒಬ್ಬೊಬ್ಬರೂ ತೋರಿಸಿ ಮಾತಾಡಬೇಕು. ಮಗಳು ಹಿಂದಿನ ದಿನವೆಲ್ಲ ಅದನ್ನೇ ಒಪ್ಪಿಸುತ್ತಿದ್ದಳು. ಅವರ ಕಿಟಕಿಯಿಂದ ಕಾಣುವುದು ಒಂದು ನೀರಿನ ಟ್ಯಾಂಕು, ಒಂದು ಮರ, ಮತ್ತು ಆಸ್ಪತ್ರೆಯ ಕೆಂಪು ನಾಮಫಲಕ, ಹೆಸರು ಊರು ಸಮೇತ.

ಬೀದಿಗೆ ಬಂದವಳೇ ಅಜ್ಜಿಗೆ ಫೋನು ಮಾಡಿದಳು. ಎತ್ತಲಿಲ್ಲ. ಟೀಚರಿಗೆ ಮಾಡಿದಳು. ಪಾಠದ ನಡುವೆ ಯಾರು ಎತ್ತುತ್ತಾರೆ? ಮನೆಗೆ ಓಡಿದರೆ ಟ್ಯಾಬ್ ಮುಚ್ಚಬಹುದು. ಆದರೆ ಅಷ್ಟರವರೆಗೆ ರೆಕಾರ್ಡ್ ಆದದ್ದು? ಅದು ಗುಂಪಿಗೆ ಹೋಗಿ, ಗುಂಪಿನಿಂದ ಇನ್ನೊಬ್ಬರಿಗೆ, ಅಲ್ಲಿಂದ ಮತ್ತೊಬ್ಬರಿಗೆ. ದೇವರೇ, ಇವತ್ತೊಂದು ದಿನ ಕಾಪಾಡು ಎಂದುಕೊಳ್ಳುತ್ತ ಶಾಲೆಯ ಕಡೆ ತಿರುಗಿದಳು.

ಪ್ರಾಂಶುಪಾಲರ ಕೋಣೆಯ ಮೇಲೆ ಕೆಲಸಗಾರರು ಕಾಂಕ್ರೀಟು ಒಡೆಯುತ್ತಿದ್ದರು. ಮೇಜಿನ ಮೇಲೆ ಸಣ್ಣಗೆ ಧೂಳು. ಮೇಡಂ ಕಾಗದಗಳನ್ನು ಟವಲಿನಿಂದ ಮುಚ್ಚಿ ಸಹಿ ಹಾಕುತ್ತಿದ್ದರು.

"ಮೇಡಂ, ರೆಕಾರ್ಡಿಂಗ್ ನಿಲ್ಲಿಸಿ. ನನ್ನ ಮಗಳದ್ದು ಬೇಡ."

"ಕೂತ್ಕೊಳ್ಳಿ. ನೋಟಿಸಿಗೆ ಎಲ್ಲರೂ ಒಪ್ಪಿದ್ದಾರಲ್ಲಮ್ಮ." ಮೇಡಂ ಫೋನು ತೆಗೆದು ನೋಡಿದರು. "ಇಲ್ಲಿದೆ, ನಿಮ್ಮ ಹೆಬ್ಬೆರಳೂ ಇದೆ."

"ಅದು ನೋಡಿದೆ ಅಂತ ಹಾಕಿದ್ದು. ಒಪ್ಪಿದೆ ಅಂತ ಅಲ್ಲ."

"ಈಗ ಹಾಗಂದ್ರೆ ಹೇಗೆ? ಓದದೆ ಹಾಕ್ತಾರಾ ಯಾರಾದ್ರೂ? ಮಕ್ಕಳು ಪಾಠ ತಪ್ಪಿಸಿಕೊಳ್ಳಬಾರದು ಅಂತ ನಾವು ಇಷ್ಟೆಲ್ಲ..."

ಸೂಜಿಯಕ್ಕ ಎಡಗೈಯ ರವಿಕೆ ತೋಳನ್ನು ಮೇಲಕ್ಕೆ ಸರಿಸಿದಳು. ಮೂಳೆ ಕೂಡಿದ ಜಾಗ ಸೊಟ್ಟಗಿತ್ತು. "ಹಿಂದಿನ ಊರಲ್ಲಿ ಒಂದು ಫೋಟೋ ಸಾಕಾಯ್ತು ಮೇಡಂ. ನಿಮ್ಮ ಬೀರುವಿನಲ್ಲಿ ಕಾಗದ ಇದೆ."

ಮೇಡಂ ಪೆನ್ನು ಕೆಳಗಿಟ್ಟರು. ಬೀರುವಿನ ಕಡೆ ನೋಡಿದರು, ತೆರೆಯಲಿಲ್ಲ. ತೆರೆಯುವ ಅಗತ್ಯವಿರಲಿಲ್ಲ. "ಅಯ್ಯೋ," ಎಂದರು ಮೆಲ್ಲಗೆ. ಮರುಕ್ಷಣ ಬಾಗಿಲ ಕಡೆ ತಿರುಗಿ, "ಕಂಪ್ಯೂಟರ್ ಸರ್! ಬೇಗ ಬನ್ನಿ ಸ್ವಲ್ಪ!"

ಕಂಪ್ಯೂಟರ್ ಸರ್ ಕೂದಲಿನಲ್ಲಿ ಧೂಳು ತುಂಬಿಕೊಂಡು ಬಂದರು. ಮೇಡಂ ತಮ್ಮ ಕಂಪ್ಯೂಟರಿನಿಂದಲೇ ಆ ತರಗತಿಯೊಳಗೆ ಹೋದರು. ಪರದೆಯ ತುಂಬ ಚೌಕಗಳು, ಚೌಕಕ್ಕೊಂದು ಮುಖ. ಮೂಲೆಯಲ್ಲಿ ರೆಕಾರ್ಡ್ ಆಗುತ್ತಿದೆ ಎನ್ನುವ ಕೆಂಪು ಚುಕ್ಕೆ. ಮಗಳ ಚೌಕವೂ ಇತ್ತು. ಕೆಳಗೆ ಅವಳ ಪೂರ್ತಿ ಹೆಸರು, ಅಪ್ಪನ ಹೆಸರಿನ ಸಮೇತ. ಅವಳು ಆಗಲೇ ಮಾತಾಡಿ ಮುಗಿಸಿದ್ದಳು. ಇನ್ಯಾವುದೋ ಹುಡುಗಿ ತನ್ನ ಮನೆಯೆದುರಿನ ನಾಯಿಯನ್ನು ತೋರಿಸುತ್ತಿದ್ದಳು.

ಮೇಡಂ ಮುಖ ಕಂಡದ್ದೇ ಮಕ್ಕಳೆಲ್ಲ, "ಗು...ಡ್ ಆಫ್ಟರ್‌ನೂನ್ ಮೇಡಂ!" ಎಂದು ರಾಗ ಎಳೆದವು. ನಾಯಿಯೂ ಬೊಗಳಿತು.

"ಟೀಚರ್, ರೆಕಾರ್ಡಿಂಗ್ ಈಗಲೇ ನಿಲ್ಲಿಸಿ. ಪಾಠ ಮುಂದುವರಿಸಿ. ಮುಗಿದ ತಕ್ಷಣ ನನಗೆ ಫೋನ್ ಮಾಡಿ. ಗುಂಪಿಗೆ ಏನನ್ನೂ ಹಾಕಬೇಡಿ. ಏನನ್ನೂ."

ಕೆಂಪು ಚುಕ್ಕೆ ಆರಿತು. ಸೂಜಿಯಕ್ಕ ಉಸಿರು ಬಿಟ್ಟಳು.

"ಇಷ್ಟಕ್ಕೇ ಆಗಲ್ಲ," ಎಂದರು ಸರ್. "ನಿಲ್ಲಿಸಿದ್ರೆ ಅಳಿಸಿದ ಹಾಗಲ್ಲ. ಇಲ್ಲಿವರೆಗಿನದ್ದು ಟೀಚರ ಖಾತೆಗೆ ಬಂದು ಕೂರುತ್ತೆ. ತಯಾರಾಗೋಕೆ ಸ್ವಲ್ಪ ಹೊತ್ತು ಹಿಡಿಯುತ್ತೆ."

"ಆಮೇಲೆ ಅಳಿಸಬಹುದಾ?"

"ಅಳಿಸಿದ್ರೆ ಕಸದ ಬುಟ್ಟಿಗೆ ಹೋಗುತ್ತೆ. ಅಲ್ಲಿಂದಲೂ ತೆಗೀಬೇಕು. ಯಾರಿಗೂ ಲಿಂಕ್ ಹೋಗಿಲ್ಲ ಅಂದ್ರೆ ಪರವಾಗಿಲ್ಲ. ಯಾರಾದರೂ ಡೌನ್‌ಲೋಡ್ ಮಾಡಿ ಇಳಿಸಿಕೊಂಡಿದ್ರೆ ಮಾತ್ರ ನಮ್ಮ ಕೈಲಿ ಇರ್ತಿರಲಿಲ್ಲ."

ಕಾಯುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. ಮೇಲೆ ಕಾಂಕ್ರೀಟು ಒಡೆಯುವ ಸದ್ದು. ಮೇಡಂ ನೀರು ಕೊಟ್ಟರು. ಲೋಟ ಹಾಗೇ ಉಳಿಯಿತು. ಬೇರೇನೂ ಹೇಳಲು ತೋಚದೆ ಮೇಡಂ, "ನಿಮ್ಮ ಗುಟ್ಟು ಕಾಪಾಡ್ತಿದೀನಿ ಅಂತ ಬೀಗ್ತಿದ್ದೆ ಕಣಮ್ಮ," ಎಂದರು. "ಎಷ್ಟು ಚೆನ್ನಾಗಿ ಕಾಪಾಡಿದೆ ಅಂದ್ರೆ, ನೋಟಿಸು ಬರೆಯುವಾಗ ನನಗೇ ನೆನಪಾಗಲಿಲ್ಲ."

ಸೂಜಿಯಕ್ಕ ಮೇಜಿನ ಮೇಲಿನ ಫೋನನ್ನೇ ನೋಡುತ್ತಿದ್ದಳು. ಪಾಪ ಎನಿಸಿತು, ಆದರೆ ಸಮಾಧಾನ ಹೇಳುವಷ್ಟು ತ್ರಾಣವಿರಲಿಲ್ಲ.

ಟೀಚರ ಫೋನು ಬಂತು. ಮೇಡಂ ವಿಷಯ ತಿಳಿಸಿ, ಫೋನನ್ನು ಸರ್ ಕೈಗೆ ಕೊಟ್ಟರು. "ವೀಡಿಯೋ ಬಂದಿದೆ ಸರ್. ಈಗ ಅಳಿಸಿದೆ. ಬುಟ್ಟಿಯಿಂದಲೂ ತೆಗೆದೆ."

"ಅದರ ಜೊತೆ ಇನ್ನೊಂದು ಸಣ್ಣ ಫೈಲ್ ಇದೆಯಾ ನೋಡಿ," ಎಂದರು ಸರ್. "ಚಾಟ್‌ನಲ್ಲಿ ಮಕ್ಕಳು ಬರೆದ ಮಾತುಗಳು. ವೀಡಿಯೋ ಅಳಿಸಿದ್ರೂ ಅದು ಉಳಿಯುತ್ತೆ."

ಇತ್ತು. ಅಳಿಸುವ ಮುಂಚೆ ಟೀಚರ್ ಅದನ್ನು ಓದಿದರು, ಮಗುವಿಗೆ ಸಂಬಂಧಪಟ್ಟಷ್ಟು ಮಾತ್ರ. ಒಬ್ಬ ಹುಡುಗ ಕೇಳಿದ್ದ: "ನಿಮ್ಮನೆ ಎಲ್ಲಿ?" ಮಗಳು ಬರೆದಿದ್ದಳು: "ದೂರ."

ದೂರವೇನು ಬಂತು? ಶಾಲೆಯಿಂದ ಮೂರು ಬೀದಿ. ಸೂಜಿಯಕ್ಕನಿಗೆ ಅರ್ಥವಾಗಲಿಲ್ಲ.

ಮೇಡಂ ಅವಳೆದುರೇ ಹೊಸ ನೋಟಿಸು ಬರೆದರು. ಹಳೆಯದು ರದ್ದು. ರೆಕಾರ್ಡ್ ಮಾಡುವುದಿದ್ದರೆ ಟೀಚರ ಪರದೆ ಮತ್ತು ದನಿ ಮಾತ್ರ. ಮಕ್ಕಳ ಮುಖವಾಗಲಿ ಹೆಸರಾಗಲಿ ಇರಕೂಡದು. ಕ್ಯಾಮೆರಾ ಮುಚ್ಚಿದರೆ ಅಂಕ ಕಡಿತವಿಲ್ಲ. ಶಾಲೆಯ ಖಾತೆ ಇರುವ ಆ ತರಗತಿಯ ಮಕ್ಕಳಷ್ಟೇ ನೋಡಬಹುದು, ಇಳಿಸಿಕೊಳ್ಳಲು ಅವಕಾಶವಿಲ್ಲ, ಪರೀಕ್ಷೆ ಮುಗಿದ ಮೇಲೆ ಅಳಿಸಲಾಗುವುದು. ಒಪ್ಪಿಗೆ ಬೇರೆ ಕಾಗದದಲ್ಲಿ, ಸಹಿಯೊಂದಿಗೆ. ಉತ್ತರ ಬಾರದಿದ್ದರೆ ಒಪ್ಪಿಗೆ ಇಲ್ಲವೆಂದೇ ಅರ್ಥ. ಕೊಟ್ಟ ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದು.

"ಇನ್ನೇನಾದರೂ?" ಎಂದು ಕೇಳಿದರು.

"ಟೀಚರಿಗೆ ಈಗ ಗೊತ್ತಾಯ್ತಲ್ಲ, ಅಷ್ಟು ಸಾಕು. ಬೇರೆ ಯಾರಿಗೂ ಬೇಡ."

ಮನೆಗೆ ಬಂದಾಗ ಮಗಳು ಟ್ಯಾಬನ್ನು ಮಡಿಲಲ್ಲಿಟ್ಟುಕೊಂಡು ಮಂಚದ ಮೇಲೆ ಕೂತಿದ್ದಳು. ಕೆಳಗಿನ ಮನೆಯ ಅಜ್ಜಿ ಕುರ್ಚಿಯಲ್ಲೇ ನಿದ್ದೆ ಹೋಗಿದ್ದರು. ಕಿಟಕಿಯ ಪರದೆ ಅರ್ಧ ಎಳೆದಿತ್ತು.

"ಅಮ್ಮಾ, ಮಿಸ್ ನಂದು ಚೆನ್ನಾಗಿತ್ತು ಅಂದ್ರು. ವೀಡಿಯೋ ಬರುತ್ತೆ, ನಿಂಗೆ ತೋರಿಸ್ತೀನಿ."

"ಬರಲ್ಲ ಪುಟ್ಟಿ. ಅಳಿಸಿಬಿಟ್ರು. ನಾನೇ ಹೋಗಿ ಅಳಿಸೋಕೆ ಹೇಳಿದೆ."

ಮಗುವಿನ ಕೆಳತುಟಿ ಮುಂದೆ ಬಂತು. ಅಮ್ಮ ಪಕ್ಕದಲ್ಲಿ ಕೂತು, ಹೇಗೆ ಶುರು ಮಾಡಲಿ ಎಂದು ತಡವರಿಸಿದಳು. "ಕಿಟಕೀಲಿ ಆಸ್ಪತ್ರೆ ಬೋರ್ಡು ಕಾಣುತ್ತಲ್ಲ, ಅದಕ್ಕೆ..."

"ಬೋರ್ಡು ತೋರಿಸಲಿಲ್ಲಮ್ಮ," ಎಂದಳು ಮಗಳು, ತನ್ನ ಮೇಲೆ ತಪ್ಪು ಬಂತೇನೋ ಎಂಬ ಗಾಬರಿಯಲ್ಲಿ. "ಪರದೆ ಎಳೆದಿದ್ದೆ. ಮರ, ಟ್ಯಾಂಕು ಅಷ್ಟೇ. ಕ್ಲಾಸಲ್ಲಿ ಒಬ್ಬ ಹುಡುಗ ನಿಮ್ಮನೆ ಎಲ್ಲಿ ಅಂತ ಕೇಳಿದಾಗಲೂ ಹೇಳಲಿಲ್ಲ. ಯಾರಿಗೂ ಹೇಳಲ್ಲ ನಾನು. ಶಾಲೇಲೂ ಇಲ್ಲ, ಆಟದಲ್ಲೂ ಇಲ್ಲ."

"ಯಾರು ಹೇಳಿಕೊಟ್ರು ನಿಂಗೆ?"

"ಯಾರೂ ಇಲ್ಲ."

ಮಗಳಿಗೆ ಏನೂ ಗೊತ್ತಿಲ್ಲವೆಂದೇ ಅವಳು ಇಷ್ಟು ದಿನ ನಂಬಿದ್ದಳು. ಅಪ್ಪನ ಮಾತು ಬಂದಾಗ ದನಿ ತಗ್ಗಿಸಿದ್ದು, ನಗುತ್ತಲೇ ಮಾತು ತಿರುಗಿಸಿದ್ದು, ಎಲ್ಲವನ್ನೂ ಆ ಮಗು ಮೂಲೆಯಲ್ಲಿ ಕೂತು ಕೇಳಿಸಿಕೊಂಡಿತ್ತು. ಹತ್ತು ವರ್ಷದ ಕೂಸು ಪಾಠಕ್ಕೆ ಕೂರುವ ಮುಂಚೆ ಎದ್ದು ಹೋಗಿ ಪರದೆ ಎಳೆದಿದೆ.

ಅವಳಿಗೆ ಅಳು ಬಂತು. ದೇವರಿಗೆ ಕೃತಜ್ಞತೆ ಹೇಳಬೇಕೋ, ಕ್ಷಮೆ ಕೇಳಬೇಕೋ ತಿಳಿಯಲಿಲ್ಲ. ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು.

"ನಂಗೆ ತೋರಿಸು," ಎಂದಳು ಕೊನೆಗೆ. "ಮಿಸ್‌ಗೆ ಹೇಳಿದ್ದು ಪೂರ್ತಿ ನಂಗೆ ಹೇಳು."

ಮಗಳು ಅನುಮಾನದಿಂದ ನೋಡಿದಳು. "ಪೂರ್ತಿನಾ?"

"ಪೂರ್ತಿ. ಪರದೆ ತೆಗೆದು ಹೇಳು. ಇಲ್ಲಿ ನಾವೇ ತಾನೇ ಇರೋದು."

ಮಗಳು ಎದ್ದು ಪರದೆ ಸರಿಸಿದಳು. ಗಂಟಲು ಸರಿಮಾಡಿಕೊಂಡು, ಕೈ ಬೆನ್ನ ಹಿಂದೆ ಕಟ್ಟಿ, ಮರದಿಂದ ಶುರು ಮಾಡಿದಳು.