ಹತ್ತನೇ ಟೇಬಲ್ಲಿನ ಕುರ್ಚಿ

ಅಣ್ಣನ ಮಗಳ ಆರತಕ್ಷತೆ ತುಮಕೂರಿನ ಹಾಲ್ ಒಂದರಲ್ಲಿತ್ತು. ಅಲ್ಲಿಯ ಮ್ಯಾನೇಜರು ಪೆನ್ನಿನಲ್ಲಿ ಗೀಚಿದ ಟೇಬಲ್ಲುಗಳ ನಕ್ಷೆಯನ್ನು ಅಣ್ಣ ಫೋಟೋ ತೆಗೆದು ಕಳಿಸಿದ. ಅತ್ತಿಗೆ ನೆಂಟರನ್ನೆಲ್ಲ ಮನೆವಾರು ಟೈಪ್ ಮಾಡಿ ಪಟ್ಟಿ ಕಳಿಸಿದರು. ಲೆಕ್ಕದಲ್ಲಿ ಗಟ್ಟಿ ಎಂಬ ನೆಪದಲ್ಲಿ ಕೂರಿಸುವ ಕೆಲಸ ನನ್ನ ತಲೆಗೆ ಬಂತು. ಹತ್ತು ಟೇಬಲ್ಲು, ಒಂದೊಂದಕ್ಕೂ ಎಂಟು ಕುರ್ಚಿ.

ಗುಬ್ಬಿಯ ದೊಡ್ಡಪ್ಪನ ಮನೆಯವರು ಹನ್ನೊಂದು ಜನ. ಎಂಟು ಜನರನ್ನು ವೇದಿಕೆಯ ಹತ್ತಿರ ಕೂರಿಸಿ, ಉಳಿದ ಮೂವರನ್ನು ಕುಣಿಗಲ್ಲಿನ ಐವರ ಜೊತೆ ಸೇರಿಸಿದೆ. ಮಾತು ಬಿಟ್ಟವರನ್ನು ದೂರ ದೂರ ಇಟ್ಟೆ. ಎಲ್ಲ ಮುಗಿದಾಗ ಹತ್ತನೇ ಟೇಬಲ್ಲಿನಲ್ಲಿ ಒಂದು ಕುರ್ಚಿ ಮಿಕ್ಕಿತು. ಯಾರನ್ನೋ ಬಿಟ್ಟಿರಬೇಕೆಂದು ಪಟ್ಟಿಯನ್ನು ಮೂರು ಸಲ ಓದಿದೆ. ಗಂಡ, ಹೆಂಡತಿ, ಮಕ್ಕಳು; ಮನೆಗೊಂದು ಗುಂಪು. ಗಂಡನನ್ನು ಬಿಟ್ಟು ಬಂದು ಒಬ್ಬಳೇ ಇರುವ ನಾನು ಯಾವ ಗುಂಪಿನಲ್ಲೂ ಇರಲಿಲ್ಲ.

ಅಣ್ಣನಿಗೆ ಫೋನ್ ಮಾಡಿದೆ. "ಒಂದು ಕುರ್ಚಿ ಮಿಕ್ಕಿದೆ ಕಣಣ್ಣ."

"ಒಳ್ಳೇದೇ ಆಯ್ತು ಬುಡು. ಫೋಟೋಗ್ರಾಫರ್‌ಗೆ ಹಾಕು. ಪಾಪ, ಅವ್ನೂ ಊಟ ಮಾಡ್ಬೇಕಲ್ವಾ."

"ಆಯ್ತು" ಅಂದೆ. ನಕ್ಷೆಯ ಫೋಟೋದ ಮೇಲೆ ಆ ಕುರ್ಚಿಗೆ ಫೋಟೋಗ್ರಾಫರ್ ಎಂದು ಬರೆದು ಕಳಿಸಿದೆ. ಅಣ್ಣ ಅದಕ್ಕೆ ಹೆಬ್ಬೆರಳೆತ್ತಿದ ಇಮೋಜಿ ಹಾಕಿದ.